ಅರ್ಧ ಬೇಕು, ಅರ್ಧ ಬೇಡ



ಹೋದ ವರ್ಷ ಬನದ ಹುಣ್ಣಿಮೆಗೆ, ಬಾದಾಮಿಯ ಬನಶಂಕರಿ ಜಾತ್ರೆಗೆಂದು ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳ ಊರು ಇಳಕಲ್ಲು. ಮನೆಯಲ್ಲಿ ಎರಡು ಕುಣಿ ಮಗ್ಗಗಳಿವೆ. ಕೈಮಗ್ಗ ತಂತ್ರಜ್ಞಾನದಲ್ಲಿ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆಯ ಗುಣಮಟ್ಟ ನೋಡುವ ಕೆಲಸದಲ್ಲಿ ಆಗ ಮೂರು ವರ್ಷದಿಂದ ಇದ್ದಳು. ಜಾತ್ರೆ ಮುಗಿಸಿಕೊಂಡು ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದವಳು ಫೋನನ್ನು ನನ್ನ ಮುಂದೆ ಹಿಡಿದಳು.

“ಮಾಮಾ, ಇದನ್ನ ನೋಡು. ನಾ ಅರ್ಜಿ ಹಾಕಿಲ್ಲ, ಅವ್ರ ತಾವ ಆಗಿ ಬರದಾರ. ಅರ್ಧಾ ಕೆಲಸ ಬೇಕನಸ್ತದ, ಅರ್ಧಾ ಬ್ಯಾಡ ಅನಸ್ತದ. ಏನಂತ ಬರೀಲಿ?”

“ಅರ್ಧಾ ಬೇಕು, ಅರ್ಧಾ ಬ್ಯಾಡ ಅಂತನ ಬರಿ, ತಂಗಿ” ಅಂದೆ.

ಅವಳು ನಂಬಲಿಲ್ಲ. ಹಾಗೆ ಬರೆದರೆ ಅವರು ಸಿಟ್ಟಾಗುತ್ತಾರೆ, ಇದ್ದ ಅವಕಾಶವೂ ಹೋಗುತ್ತದೆ ಎಂಬುದು ಅವಳ ಅಂಜಿಕೆ. ನಾನು ಹನ್ನೆರಡು ವರ್ಷ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯಲ್ಲಿ ಕೂತು ಇಂಥವೇ ಸಂದೇಶಗಳನ್ನು ಕಳಿಸಿದವನು. ಕಂಪನಿಗಳಿಗೆ ಜನ ಹುಡುಕಿಕೊಡುವುದು ನಮ್ಮ ಕಸುಬಾಗಿತ್ತು. ಈ ಉತ್ತರಗಳನ್ನು ಆ ಕಡೆ ಕೂತವರು ಹೇಗೆ ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದನ್ನು ಅವತ್ತು ಅವಳಿಗೆ ವಿವರವಾಗಿ ಹೇಳಿದೆ. ಅದನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಮೊದಲು, ಬಂದ ಸಂದೇಶದ ವಿಷಯ. ಕೈಮಗ್ಗದ ಸೀರೆ ಕೊಂಡು ಮಾರುವ ಒಂದು ಕಂಪನಿಗೆ ಇಳಕಲ್ಲು, ಹುನಗುಂದ, ಕಮತಗಿ, ಸೂಳೇಬಾವಿ ಈ ಭಾಗದಲ್ಲಿ ಓಡಾಡುವವರು ಬೇಕಾಗಿದ್ದರು. ನೇಕಾರರಿಗೆ ಆರ್ಡರ್ ಕೊಡುವುದು, ನೂಲು ಬಣ್ಣ ನೋಡುವುದು, ಮಗ್ಗದಿಂದ ಇಳಿದ ಸೀರೆ ಪರೀಕ್ಷಿಸಿ ತೆಗೆದುಕೊಳ್ಳುವುದು, ಇದು ಕೆಲಸದ ಒಂದು ಪಾಲು. ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರದ ಅಂಗಡಿಗಳಿಗೆ ಸೀರೆ ಮಾರಿ, ತಿಂಗಳ ಟಾರ್ಗೆಟ್ ಮುಟ್ಟಿಸುವುದು ಇನ್ನೊಂದು ಪಾಲು. ವರ್ಷಕ್ಕೆ 5.4 ಲಕ್ಷ ಎಂದು ಬರೆದಿದ್ದರು. ಅದರಲ್ಲಿ 4.2 ಲಕ್ಷ ನಿಗದಿತ, ಉಳಿದ 1.2 ಲಕ್ಷ ಮಾರಾಟದ ಮೇಲೆ.

ಇಳಕಲ್ಲ ಸೀರೆ ನೇಯುವ ಮನೆಯವರಿಗೆ ಹುದ್ದೆಯ ಈ ಎರಡು ಪಾಲುಗಳನ್ನು ತಿಳಿಸುವುದು ಸುಲಭ. ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಚೆಂದವಿದೆ ಎಂದು ಸೀರೆ ಕೊಂಡವರಿಗೆ ಸೆರಗೂ ಅದರ ಜೊತೆಗೇ ಬರುತ್ತದೆ. ಈ ಹುದ್ದೆಯನ್ನೂ ಯಾರೋ ಹಾಗೆಯೇ ಎರಡು ಹಾಸು ಸೇರಿಸಿ ಮಾಡಿದ್ದರು. ಆ ಕೊಂಡಿ ಬಿಚ್ಚಬಹುದೇ, ಬಿಚ್ಚಿದರೆ ಸೆರಗು ಎಷ್ಟು ಚಿಕ್ಕದಾಗಬಹುದು ಎಂದು ತಿಳಿಯಬೇಕಿತ್ತು. ಅದನ್ನು ತಿಳಿಯಲು ಕೇಳುವುದೊಂದೇ ದಾರಿ. ಯಾರನ್ನು ಕೇಳಬೇಕು ಎಂಬಲ್ಲೇ ನಮ್ಮ ಹುಡುಗರು ತಪ್ಪುತ್ತಾರೆ.

ಸಂದೇಶ ಬರೆದ ಹೆಣ್ಣುಮಗಳು ಆ ಕಂಪನಿಯವಳಲ್ಲ, ಕನ್ಸಲ್ಟೆನ್ಸಿಯವಳು. ಮೇಲ್ ವಿಳಾಸ ನೋಡಿದರೆ ಗೊತ್ತಾಗುತ್ತದೆ. ಕಂಪನಿಯ ಸ್ವಂತ ಎಚ್‌ಆರ್ ಆಗಿದ್ದರೆ @ ಗುರುತಿನ ನಂತರ ಕಂಪನಿಯ ಹೆಸರಿರುತ್ತದೆ, ಕನ್ಸಲ್ಟೆನ್ಸಿಯಾದರೆ ಅದರ ಹೆಸರಿರುತ್ತದೆ. ಕನ್ಸಲ್ಟೆನ್ಸಿಗೆ ಹಣ ಕೊಡುವುದು ಕಂಪನಿ. ಆಯ್ಕೆಯಾದವರು ಕೆಲಸಕ್ಕೆ ಸೇರಿದ ಮೇಲಷ್ಟೇ ಆ ಹಣ ಬರುತ್ತದೆ. ವಾರ್ಷಿಕ ಸಂಬಳದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಇದು ಬಹಳ ಕಡೆ ನಡೆಯುವ ದರ. ಸೇರಿದವರು ಕೆಲವೇ ತಿಂಗಳಲ್ಲಿ ಬಿಟ್ಟರೆ ಕನ್ಸಲ್ಟೆನ್ಸಿ ಬದಲಿಗೆ ಇನ್ನೊಬ್ಬರನ್ನು ಹುಡುಕಿಕೊಡಬೇಕು. ಅದಕ್ಕೆ ಬೇರೆ ಹಣವಿಲ್ಲ.

ಇದನ್ನು ತಿಳಿದರೆ ಆ ಹೆಣ್ಣುಮಗಳ ಕಷ್ಟ ನಿಮಗೆ ಕಾಣುತ್ತದೆ. ಒಲ್ಲದ ಮನಸ್ಸಿನಿಂದ ಹೂಂ ಎಂದು, ಮೂರು ಸುತ್ತಿನ ಸಂದರ್ಶನ ಮುಗಿಸಿ, ಕೊನೆಗೆ ಹಿಂದೆ ಸರಿಯುವವರಿಂದ ಅವಳಿಗೆ ದುಡಿದದ್ದೆಲ್ಲ ನಷ್ಟ. ನನಗೆ ಮಾರಾಟ ಆಗಿಬರುವುದಿಲ್ಲ ಎಂದು ಮೊದಲ ದಿನವೇ ಹೇಳುವವರಿಂದ ಅವಳ ಸಮಯ ಉಳಿಯುತ್ತದೆ. ಅವಳು ಸಿಟ್ಟಾಗಲು ಕಾರಣವೇ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಹುದ್ದೆಯನ್ನು ಬದಲಿಸುವ ಅಧಿಕಾರ ಅವಳಿಗಿಲ್ಲ. ಟಾರ್ಗೆಟ್ ಕಡಿಮೆ ಮಾಡುವುದು, ಮಾರಾಟಕ್ಕೆ ಬೇರೆಯವರನ್ನು ಹಾಕುವುದು ಕಂಪನಿಯ ಮ್ಯಾನೇಜರ್ ಕೈಯಲ್ಲಿದೆ. ಅವನ ಹೆಸರೂ ನಿಮಗೆ ಗೊತ್ತಿಲ್ಲ. ನಿಮ್ಮ ಉತ್ತರದಲ್ಲಿರುವ ಮಾತನ್ನು ಅವಳು ಅವನಿಗೆ ಮುಟ್ಟಿಸಬೇಕು. ಅವಳ ಕೈಯಲ್ಲಿ ಇಂಥ ಹುದ್ದೆಗಳು ಒಂದೇ ಸಲಕ್ಕೆ ಹತ್ತು ಹದಿನೈದು ಇರುತ್ತವೆ. ನೀವು ಉದ್ದವಾಗಿ ಬರೆದದ್ದನ್ನು ಸಾರ ಹಿಂಡಿ ಹೇಳುವಷ್ಟು ಪುರುಸೊತ್ತು ಅವಳಿಗಿಲ್ಲ. ಆದ್ದರಿಂದ ಅವಳು ಹಾಗೆಯೇ ನಕಲು ಮಾಡಿ ಮುಂದೆ ಕಳಿಸಬಹುದಾದ ವಾಕ್ಯಗಳನ್ನು ನೀವೇ ಬರೆದುಕೊಡಬೇಕು. ನಾನು ಆ ಕುರ್ಚಿಯಲ್ಲಿ ಕೂತಿದ್ದಾಗ ಹಾಗೆ ಬರೆದವರ ಮಾತು ಅದೇ ದಿನ ಕಂಪನಿಗೆ ಮುಟ್ಟುತ್ತಿತ್ತು. “ಇಂಟರೆಸ್ಟೆಡ್, ಪ್ಲೀಸ್ ಕಾಲ್” ಎಂದಷ್ಟೇ ಬರೆದವರ ಹೆಸರು ಪಟ್ಟಿಯ ಕೆಳಗೆ ಉಳಿಯುತ್ತಿತ್ತು.

ನಮ್ಮ ಹುಡುಗಿ ಬರೆದ ಉತ್ತರವನ್ನು ಓದುತ್ತೇನೆ. ಮೂಲ ಇಂಗ್ಲಿಷಿನಲ್ಲಿತ್ತು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

“ನಮಸ್ಕಾರ ಮೇಡಂ. ಇಳಕಲ್-ಹುನಗುಂದದ ಹುದ್ದೆಗೆ ನನ್ನನ್ನು ಕೇಳಿದ್ದಕ್ಕೆ ಧನ್ಯವಾದ. ವಿವರ ಪೂರ್ತಿ ಓದಿದೆ. ನೇಕಾರರ ಜೊತೆಗಿನ ಕೆಲಸ, ಅಂದರೆ ಆರ್ಡರ್ ಕೊಡುವುದು ಮತ್ತು ಸೀರೆ ಪರೀಕ್ಷಿಸಿ ತೆಗೆದುಕೊಳ್ಳುವುದು, ನನಗೆ ಮನಸ್ಸಿಗೆ ಬಂದಿದೆ. ನಮ್ಮ ಮನೆಯಲ್ಲೇ ಕುಣಿ ಮಗ್ಗಗಳಿವೆ. ಕೈಕೊಂಡಿಯ ಸೀರೆ ಯಾವುದು, ಪವರ್‌ಲೂಮಿನ ನಕಲು ಯಾವುದು ಎಂದು ಸೆರಗಿನ ಕೂಡುಗೆರೆ ನೋಡಿ ಹೇಳಬಲ್ಲೆ. ಗುಣಮಟ್ಟ ಪರೀಕ್ಷೆಯಲ್ಲಿ ಮೂರು ವರ್ಷದ ಅನುಭವವಿದೆ. ಹೊಸ ಅಂಗಡಿ ಹುಡುಕಿ ಟಾರ್ಗೆಟ್ ಮುಟ್ಟಿಸುವ ಕೆಲಸ ನಾನು ಮಾಡಿಲ್ಲ, ಅದನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲ. ಈಗಾಗಲೇ ಮಾಲು ತೆಗೆದುಕೊಳ್ಳುವ ಅಂಗಡಿಗಳಿಗೆ ಹೋಗಿ ಹೊಸ ಸೀರೆ ತೋರಿಸಬಲ್ಲೆ, ಅವರ ದೂರು ಕೇಳಿ ಸರಿಪಡಿಸಬಲ್ಲೆ. ದಯವಿಟ್ಟು ಕಂಪನಿಯವರನ್ನು ಎರಡು ವಿಷಯ ಕೇಳಿ. ತಿಂಗಳಲ್ಲಿ ಎಷ್ಟು ದಿನ ಮಾರಾಟಕ್ಕೆ ಹೋಗುತ್ತದೆ? ಹಳೆಯ ಅಂಗಡಿಗಳಿಗಷ್ಟೇ ಸೀಮಿತವಾಗಿ ಈ ಹುದ್ದೆ ಕೊಡಲು ಸಾಧ್ಯವೇ? ನನ್ನ ನೋಟಿಸ್ ಅವಧಿ 60 ದಿನ. ಇಳಕಲ್ಲಿನಲ್ಲಿ ಇರಲು ಸಿದ್ಧಳಿದ್ದೇನೆ. ನಿಗದಿತ ಸಂಬಳ 4.2 ಲಕ್ಷಕ್ಕಿಂತ ಕಡಿಮೆ ಇಲ್ಲದಿದ್ದರೆ ಮಾತು ಮುಂದುವರಿಸಬಹುದು. ಈ ಎರಡಕ್ಕೆ ಉತ್ತರ ಬಂದು ನಾವು ಮಾತಾಡಿದ ಮೇಲೆ ಬಯೋಡೇಟಾ ಕಳಿಸಲು ಒಪ್ಪಿಗೆ ಕೊಡುತ್ತೇನೆ, ಅಲ್ಲಿಯವರೆಗೆ ಕಳಿಸಬೇಡಿ. ಗುರುವಾರ, ಶುಕ್ರವಾರ ಸಂಜೆ ಆರರ ನಂತರ ಫೋನಿಗೆ ಸಿಗುತ್ತೇನೆ.”

ಅಷ್ಟೇ. ಇದರಲ್ಲಿ ಎರಡು ಮೂರು ಮಾತುಗಳ ಹಿಂದೆ ಬಹಳ ಯೋಚನೆ ಇದೆ.

ಬೇಕಾದ ಅರ್ಧವನ್ನು ಅವಳು ಮೊದಲು ಹೇಳಿದ್ದಾಳೆ, ಜೊತೆಗೆ ಒಂದು ಪುರಾವೆ ಕೊಟ್ಟಿದ್ದಾಳೆ. ಕೈಕೊಂಡಿಯ ಸೀರೆಯಲ್ಲಿ ಒಡಲಿನ ಎಳೆ ಸೆರಗಿನ ಹತ್ತಿರ ನಿಂತು, ಅಲ್ಲಿಂದ ಬೇರೆ ಎಳೆ ಮುಂದುವರಿಯುತ್ತದೆ. ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ಹೇಳಬಲ್ಲವರು ಬಯೋಡೇಟಾಗಳ ರಾಶಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮ್ಯಾನೇಜರನಾದವನು ಈ ಒಂದು ವಾಕ್ಯ ಓದಿ ನಿಲ್ಲುತ್ತಾನೆ. “ನನಗೆ ಕೈಮಗ್ಗದ ಮೇಲೆ ತುಂಬ ಪ್ರೀತಿ” ಎಂದು ಬರೆದಿದ್ದರೆ ನಿಲ್ಲುತ್ತಿರಲಿಲ್ಲ. ಅವಳು ಮೊದಲು ಹಾಗೆಯೇ ಬರೆದಿದ್ದಳು, ನಾನು ಹೊಡೆದು ಹಾಕಿಸಿದೆ.

ಬೇಡವಾದ ಅರ್ಧದ ಬಗ್ಗೆ “ಮಾರಾಟ ನನಗೆ ಇಷ್ಟವಿಲ್ಲ” ಎಂದು ಬರೆದು ಬಿಟ್ಟಿದ್ದರೆ ಬಾಗಿಲು ಅಲ್ಲಿಗೇ ಮುಚ್ಚುತ್ತಿತ್ತು. ಮಾರಾಟ ಎಂಬ ಒಂದು ಹೆಸರಿನ ಕೆಳಗೆ ಹಲವು ಕೆಲಸಗಳಿವೆ. ಅವುಗಳಲ್ಲಿ ಯಾವುದು ಆಗುವುದಿಲ್ಲ, ಯಾವುದು ಆದೀತು ಎಂದು ಅವಳು ಬಿಡಿಸಿ ಹೇಳಿದಳು. ಹೀಗೆ ಬಿಡಿಸಿಕೊಳ್ಳುವುದಕ್ಕೆ ನಮ್ಮ ಮನೆಯ ಕಟ್ಟೆಯ ಮೇಲೆ ಅರ್ಧ ಗಂಟೆ ಹಿಡಿಯಿತು. “ಅಂಗಡ್ಯಾವ್ರ ಮುಂದ ಸೀರಿ ಬಿಚ್ಚಿ ತೋರ್ಸೂದು ನನಗೇನು ತ್ರಾಸಿಲ್ಲ ಮಾಮಾ, ಮ್ಯಾಲಿಂದ ಮ್ಯಾಲೆ ‘ಈ ತಿಂಗಳ ಎಷ್ಟ ಆತು’ ಅಂತ ಕೇಳೂದು ತ್ರಾಸು” ಅಂದಳು. ತನಗೆ ಬೇಡವಾದದ್ದು ಟಾರ್ಗೆಟ್ಟು ಎಂದು ಅವಳಿಗೇ ಆಗ ತಿಳಿಯಿತು. ಅಲ್ಲಿಯವರೆಗೆ ಅಂಗಡಿಗೆ ಹೋಗುವುದೇ ಬೇಡ ಎಂದುಕೊಂಡಿದ್ದಳು.

ಇನ್ನು ಸಂಬಳದ ಮಾತು. ಸಂದೇಶದಲ್ಲಿ 5.4 ಲಕ್ಷ ಎಂದಿದ್ದಾಗ ಅವಳು ಅದನ್ನು 12ರಿಂದ ಭಾಗಿಸಿ ತಿಂಗಳಿಗೆ 45 ಸಾವಿರ ಎಂದುಕೊಂಡಿದ್ದಳು. ನಾವು ಕೂತು ಲೆಕ್ಕ ಹಾಕಿದೆವು. ಮಾರಾಟದ 1.2 ಲಕ್ಷ ಟಾರ್ಗೆಟ್ ಮುಟ್ಟಿದರೆ ಬರುವುದು, ಅದನ್ನು ಪಕ್ಕಕ್ಕಿಟ್ಟೆವು. ಉಳಿದ 4.2 ಲಕ್ಷದಲ್ಲಿ ಅರ್ಧ, ಅಂದರೆ 2.1 ಲಕ್ಷ ಮೂಲ ವೇತನ ಎಂದು ಹಿಡಿದೆವು. ಕಂಪನಿಯು ಭವಿಷ್ಯನಿಧಿಗೆ ಕಟ್ಟುವ ತನ್ನ ಪಾಲನ್ನೂ ಇದರಲ್ಲೇ ಸೇರಿಸಿರುತ್ತದೆ. 15 ಸಾವಿರದ ಮಿತಿಯ ಮೇಲೆ ಶೇಕಡಾ 12 ಎಂದರೆ ತಿಂಗಳಿಗೆ 1,800, ವರ್ಷಕ್ಕೆ 21,600. ಗ್ರಾಚ್ಯುಟಿಯ ಬಾಬ್ತು ಮೂಲ ವೇತನದ ಶೇಕಡಾ 4.81, ಸುಮಾರು 10,100. ಇವೆರಡನ್ನೂ ಕಳೆದು ಭಾಗಿಸಿದರೆ ತಿಂಗಳಿಗೆ 32 ಸಾವಿರದ ಚಿಲ್ಲರೆ. ಅದರಲ್ಲಿ ಅವಳ ಪಾಲಿನ ಭವಿಷ್ಯನಿಧಿ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು 30 ಸಾವಿರದ 350ರ ಆಸುಪಾಸು. 45 ಎಲ್ಲಿ, 30 ಎಲ್ಲಿ!

ಆದರೆ ಬೆಂಗಳೂರಿನಲ್ಲಿ ಅವಳ ಕೈಗೆ ಬರುತ್ತಿದ್ದುದು 29 ಸಾವಿರ. ಅದರಲ್ಲಿ ಪಿಜಿಗೆ 8 ಸಾವಿರ ಕೊಡುತ್ತಿದ್ದಳು. ಇಳಕಲ್ಲಿನಲ್ಲಿ ತಾಯಿಯ ಮನೆಯಲ್ಲಿದ್ದರೆ ಆ ಹಣ ಉಳಿಯುತ್ತದೆ. ಹಾಗಾಗಿ ಮಾರಾಟದ ಒಂದು ರೂಪಾಯಿಯೂ ಬರದಿದ್ದರೂ ಅವಳಿಗೆ ನಷ್ಟವಿರಲಿಲ್ಲ. ಇದು ಗೊತ್ತಾದದ್ದರಿಂದಲೇ “ನಿಗದಿತ ಸಂಬಳ 4.2 ಲಕ್ಷ” ಎಂದು ಅಷ್ಟು ಖಚಿತವಾಗಿ ಬರೆಯಲು ಸಾಧ್ಯವಾಯಿತು. ಅರ್ಧ ಇಷ್ಟವಾದ ಹುದ್ದೆಯಲ್ಲಿ ಇಷ್ಟವಾಗದ ಅರ್ಧಕ್ಕೆ ಅಂಟಿಕೊಂಡ ಹಣವನ್ನು ಸೊನ್ನೆ ಎಂದು ಹಿಡಿದು ನೋಡಬೇಕು. ಮನಸ್ಸಿಲ್ಲದ ಕೆಲಸದಲ್ಲಿ ಟಾರ್ಗೆಟ್ ಮುಟ್ಟಿಸಿ ಪೂರ್ತಿ ಹಣ ತೆಗೆದುಕೊಂಡವರನ್ನು ನಾನು ಹನ್ನೆರಡು ವರ್ಷದಲ್ಲಿ ಬಹಳ ಕಂಡಿಲ್ಲ.

“ಬಯೋಡೇಟಾ ಕಳಿಸಬೇಡಿ” ಎಂಬ ಮಾತು ಕೆಲವರಿಗೆ ಒರಟು ಅನಿಸಬಹುದು. ಬಾದಾಮಿಯ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ಹೋಟೆಲ್ ಒಂದರ ಕೌಂಟರಿನಲ್ಲಿ, ಬಂದವರಿಗೆ ರೂಮು ಕೊಡುವ ಕೆಲಸದಲ್ಲಿದ್ದ. ಒಂದೇ ರೆಸಾರ್ಟಿನ ಒಂದೇ ಹುದ್ದೆಗೆ ಇಬ್ಬರು ಬೇರೆ ಬೇರೆ ಕನ್ಸಲ್ಟೆನ್ಸಿಯವರು ಅವನನ್ನು ಕೇಳಿದರು. ಇಬ್ಬರೂ ರೆಸಾರ್ಟಿನ ಹೆಸರು ಹೇಳಿರಲಿಲ್ಲ, ಇವನೂ ಕೇಳಲಿಲ್ಲ. ಪೂರ್ತಿ ಮನಸ್ಸಿರಲಿಲ್ಲವಾದರೂ ನೋಡೋಣವೆಂದು ಇಬ್ಬರಿಗೂ ಬಯೋಡೇಟಾ ಕಳಿಸಿದ. ಇಬ್ಬರೂ ಅದನ್ನು ರೆಸಾರ್ಟಿಗೆ ಕೊಟ್ಟರು. ಇವನು ಸೇರಿದರೆ ಹಣ ಯಾರಿಗೆ ಕೊಡುವುದು ಎಂಬ ತಂಟೆ ಬೇಡವೆಂದು ರೆಸಾರ್ಟಿನವರು ಇವನನ್ನೇ ಕೈಬಿಟ್ಟರು. ಹುಡುಗನಿಗೆ ಕಾರಣವನ್ನೂ ಯಾರೂ ತಿಳಿಸಲಿಲ್ಲ, ಎಷ್ಟೋ ದಿನದ ಮೇಲೆ ನನಗೆ ಆ ಕಸುಬಿನ ಪರಿಚಯದವರಿಂದ ಗೊತ್ತಾಯಿತು. ಆದ್ದರಿಂದ ಕಂಪನಿಯ ಹೆಸರು ತಿಳಿದು, ಒಬ್ಬರಿಗೇ, ಬರಹದಲ್ಲಿ ಒಪ್ಪಿಗೆ ಕೊಡಬೇಕು. ಒಳ್ಳೆಯ ಕನ್ಸಲ್ಟೆನ್ಸಿಯವರು ತಾವೇ ಆ ಒಪ್ಪಿಗೆಯನ್ನು ಮೇಲ್‌ನಲ್ಲಿ ಕೇಳುತ್ತಾರೆ.

ಅರ್ಧ ಮನಸ್ಸನ್ನು ಪೂರ್ತಿ ಮನಸ್ಸೆಂದು ತೋರಿಸಿದರೆ ಏನಾಗುತ್ತದೆ ಎಂಬುದಕ್ಕೂ ನಾನೇ ಸಾಕ್ಷಿ. ಹುನಗುಂದದ ಕಡೆಯ ಒಬ್ಬ ತರುಣ ಗ್ರಾನೈಟ್ ಕ್ವಾರಿಯಲ್ಲಿ ಮೇಲ್ವಿಚಾರಕನಾಗಿದ್ದ. ನಾನು ಕಳಿಸಿದ ಹುದ್ದೆಯಲ್ಲಿ ಕ್ವಾರಿಯ ಕೆಲಸ ಅರ್ಧ, ಕಲ್ಲು ಕೊಯ್ಯುವ ಕಾರ್ಖಾನೆಯ ರಾತ್ರಿ ಪಾಳಿ ಅರ್ಧ. ರಾತ್ರಿ ಪಾಳಿ ಅವನಿಗೆ ಬೇಡವಾಗಿತ್ತು. ಆ ಮಾತು ಎತ್ತಿದರೆ ಅವಕಾಶ ತಪ್ಪೀತೆಂದು ಸುಮ್ಮನಿದ್ದ. ಮೂರು ಸುತ್ತು ಸಂದರ್ಶನವಾಯಿತು, ಆಫರ್ ಲೆಟರ್ ಬಂತು. ಅದರಲ್ಲಿ ಪಾಳಿಯ ವಿವರ ಓದಿ, ಬರುವುದಿಲ್ಲ ಎಂದ. ಕಂಪನಿಯವರು ಅಷ್ಟರಲ್ಲಿ ಉಳಿದ ಇಬ್ಬರು ಅಭ್ಯರ್ಥಿಗಳಿಗೆ ಬೇಡವೆಂದು ಹೇಳಿಬಿಟ್ಟಿದ್ದರು. ನಮ್ಮಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಟಿಪ್ಪಣಿ ಬರೆಯುವ ಪದ್ಧತಿಯಿತ್ತು. “ಆಫರ್ ಬಂದ ಮೇಲೆ ಹಿಂದೆ ಸರಿದವರು” ಎಂದು ಅವನ ಹೆಸರಿನ ಮುಂದೆ ನಾನೇ ಬರೆದೆ. ಆಮೇಲೆ ಹಗಲು ಪಾಳಿಯ, ಅವನಿಗೆ ಪೂರ್ತಿ ಹೊಂದುವ ಒಂದು ಹುದ್ದೆ ಬಂದಾಗ ಆ ಟಿಪ್ಪಣಿ ನೋಡಿದ ನನ್ನ ಸಹೋದ್ಯೋಗಿ ಅವನಿಗೆ ಫೋನ್ ಮಾಡಲಿಲ್ಲ. ಮೊದಲೇ “ರಾತ್ರಿ ಪಾಳಿ ಆಗೂದಿಲ್ರೀ” ಎಂದು ಬರೆದಿದ್ದರೆ ಅದೇ ಜಾಗದಲ್ಲಿ “ಹಗಲು ಪಾಳಿ ಮಾತ್ರ” ಎಂದು ಬರೆದಿರುತ್ತಿದ್ದೆ, ಆ ಹುದ್ದೆ ಬಂದಾಗ ಮೊದಲು ಕಾಣುತ್ತಿದ್ದುದು ಅವನ ಹೆಸರೇ. ಆ ತರುಣನ ವಿಷಯ ನೆನಪಾದಾಗ ನನಗೆ ಇವತ್ತಿಗೂ ಕೆಡುಕೆನಿಸುತ್ತದೆ.

ಒಂದು ಎಚ್ಚರಿಕೆಯನ್ನು ನಡುವೆಯೇ ಹೇಳಿಬಿಡುತ್ತೇನೆ. ನೋಂದಣಿ ಶುಲ್ಕ, ಭದ್ರತಾ ಠೇವಣಿ, ತರಬೇತಿಯ ಖರ್ಚು ಎಂದು ನಿಮ್ಮಿಂದ ಹಣ ಕೇಳುವವರು ಬಂದರೆ ಉತ್ತರವೇ ಬೇಡ. ಜನ ಹುಡುಕಿದ್ದಕ್ಕೆ ಹಣ ಕೊಡುವುದು ಕಂಪನಿ. ಈಗಾಗಲೇ ಹಣ ಕಳಿಸಿ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ನಮ್ಮ ಹುಡುಗಿಯ ಉತ್ತರಕ್ಕೆ ಏನಾಯಿತು? ಮರುದಿನವೇ “ಕೇಳಿ ತಿಳಿಸುತ್ತೇನೆ” ಎಂದು ಒಂದು ಸಾಲು ಬಂತು. ಆರನೆಯ ದಿನ ಆ ಹೆಣ್ಣುಮಗಳು ಫೋನ್ ಮಾಡಿದಳು. ತಿಂಗಳಲ್ಲಿ ಹತ್ತು ದಿನ ಮಾರಾಟಕ್ಕೆ ಹೋಗುತ್ತದೆ ಎಂದು ಕಂಪನಿಯವರು ಹೇಳಿದ್ದರು. ಆ ದಿನಗಳನ್ನು ನಾಲ್ಕಕ್ಕೆ ಇಳಿಸಿ, ಹಳೆಯ ಅಂಗಡಿಗಳಿಗಷ್ಟೇ ಕಳಿಸಬಹುದು, ಆದರೆ ಟಾರ್ಗೆಟ್ಟನ್ನು ಪೂರ್ತಿ ತೆಗೆಯಲು ಮೊದಲ ವರ್ಷ ಆಗುವುದಿಲ್ಲ ಎಂದಿದ್ದರು. ಇವಳು ಆಗ ನಾವು ಮೊದಲೇ ಬರೆದಿಟ್ಟುಕೊಂಡ ಪ್ರಶ್ನೆ ಕೇಳಿದಳು. ಹೋದ ವರ್ಷ ಈ ಕೆಲಸದಲ್ಲಿದ್ದವರಿಗೆ ಮಾರಾಟದ ಹಣದಲ್ಲಿ ಎಷ್ಟು ಪಾಲು ನಿಜವಾಗಿ ಸಿಕ್ಕಿತು? ಆ ಹೆಣ್ಣುಮಗಳು ಮತ್ತೆ ಕೇಳಿ ಬಂದು ಪ್ರಾಮಾಣಿಕವಾಗಿ ಹೇಳಿದಳು: ಅರ್ಧಕ್ಕಿಂತ ಕಡಿಮೆ, ಮೊದಲಿದ್ದವನು ಏಳನೆಯ ತಿಂಗಳಿಗೆ ಬಿಟ್ಟುಹೋಗಿದ್ದ.

ಇವಳು ಬೇಡ ಅಂದಳು. ಬರಹದಲ್ಲೇ, ಮೂರು ಸಾಲಿನಲ್ಲಿ. ದಿನಗಳನ್ನು ಕಡಿಮೆ ಮಾಡಲು ಒಪ್ಪಿದ್ದಕ್ಕೆ ಧನ್ಯವಾದ, ಟಾರ್ಗೆಟ್ ಇರುವವರೆಗೆ ನನಗೆ ಆಗುವುದಿಲ್ಲ, ಇಳಕಲ್ಲು ಗುಳೇದಗುಡ್ಡದ ಕಡೆ ಬರೀ ಗುಣಮಟ್ಟದ ಕೆಲಸವಿದ್ದರೆ ನನ್ನನ್ನು ಕೇಳಿ ಎಂದು. ಅವಳ ಅವ್ವ ಮಾತ್ರ ಎರಡು ದಿನ ಮುನಿಸಿಕೊಂಡಿದ್ದಳು, ಮಗಳು ಊರಿಗೆ ಬರುತ್ತಾಳೆಂದು ಆಸೆ ಪಟ್ಟಿದ್ದಳು ಪಾಪ. ನನಗೆ ಆ ನಿರ್ಧಾರ ಸರಿ ಅನಿಸಿತು, ಈಗಲೂ ಸರಿ ಅನಿಸುತ್ತದೆ. ಬೆಂಗಳೂರಿನ ಕೆಲಸ ಬಿಟ್ಟುಬಂದು ಏಳನೆಯ ತಿಂಗಳಿಗೆ ಬರಿಗೈಯಾಗುವ ಅಪಾಯವನ್ನು ಅವಳು ಮೂರು ಪ್ರಶ್ನೆ ಕೇಳಿ ಮೊದಲೇ ಕಂಡುಕೊಂಡಳು. ಅವಳು ಇನ್ನೂ ಬೆಂಗಳೂರಿನಲ್ಲೇ ಇದ್ದಾಳೆ.

ಕೇಳುಗರೇ, ನಿಮ್ಮ ಫೋನಿನಲ್ಲಾಗಲಿ ನಿಮ್ಮ ಮಕ್ಕಳ ಫೋನಿನಲ್ಲಾಗಲಿ ಇಂಥ ಸಂದೇಶ ಉತ್ತರವಿಲ್ಲದೆ ಬಿದ್ದಿರಬಹುದು. ವಾರ ಕಳೆದಿದ್ದರೂ ಬರೆಯಿರಿ. ತಡವಾಗಿದ್ದಕ್ಕೆ ಒಂದು ಮಾತು ಹೇಳಿ, ಬೇಕಾದ ಅರ್ಧ ಯಾವುದು, ಬೇಡವಾದ ಅರ್ಧದಲ್ಲಿ ಏನು ಬದಲಾದರೆ ಬರುತ್ತೀರಿ ಎಂದು ಇವತ್ತೇ ಬರೆದು ಕಳಿಸಿ. ಹುದ್ದೆ ತುಂಬಿದ್ದರೆ ತುಂಬಿದೆ ಎಂದು ತಿಳಿಸುತ್ತಾರೆ. ನಿಮ್ಮ ಹೆಸರಿನ ಮುಂದೆ ನಿಮಗೆ ಬೇಕಾದದ್ದೇನೆಂದು ಬರೆದಿಟ್ಟುಕೊಳ್ಳುತ್ತಾರೆ.